ಕೇಳಿದ ಅಕ್ಕಿ ಇಲ್ಲ ಅಂದರೆ ಏನು ಹೇಳಬೇಕು

ಪ್ರಶ್ನೆ: ಫೋನಿನಲ್ಲಿ ದಿನಸಿ ತರಿಸಿದರೆ 'ಅದು ಸ್ಟಾಕ್ ಇಲ್ಲ' ಅಂತ ಬೇರೇನೋ ಕಳಿಸುತ್ತಾರೆ. ತಗೊಳ್ಳಲೇಬೇಕಾ? ಬೇಡ ಅನ್ನೋದು ಹೇಗೆ?

ತಗೊಳ್ಳಲೇಬೇಕು ಅಂತೇನಿಲ್ಲ. ಆದರೆ ಸಾಮಾನು ಕಟ್ಟುವ ಮೊದಲೇ ಹೇಳಿಬಿಟ್ಟರೆ ಸುಲಭ.

ನಾವು ಕಾಸರಗೋಡಿನ ಕುಂಬಳೆ ಹತ್ತಿರದವರು. ಒಮ್ಮೆ 5 ಕೆಜಿ ಕುಚ್ಚಲಕ್ಕಿಗೆ ಆರ್ಡರ್ ಮಾಡಿದ್ದೆ. ಬಸ್ಸಿನಲ್ಲಿದ್ದಾಗ ಅಂಗಡಿ ಹುಡುಗನ ಫೋನ್ ಬಂತು. ಅದಿಲ್ಲ, ಪಚ್ಚರಿ ಕೊಡಲಾ ಅಂತ ಮಲಯಾಳದಲ್ಲಿ ಕೇಳಿದ. ಹಾರ್ನ್ ಗಲಾಟೆಯಲ್ಲಿ ನನಗೆ 'ಅರಿ', ಅಂದರೆ ಅಕ್ಕಿ, ಅಂದದ್ದಷ್ಟೇ ಕೇಳಿತು. 'ಶರಿ ಶರಿ' ಅಂದೆ. ಪಚ್ಚರಿ ಅಂದರೆ ನಮ್ಮ ಬೆಳ್ತಿಗೆ ಅಕ್ಕಿ. ನಮಗೆ ಬೇಕಿದ್ದದ್ದು ಪುಳುಕ್ಕಲರಿ, ಅಂದರೆ ಕುಚ್ಚಲಕ್ಕಿ. ಅಮ್ಮ ಚೀಲದ ಮೂಲೆ ಕತ್ತರಿಸಿ ಕೈಗೆ ಸುರಿದುಕೊಂಡಾಗಲೇ ಗೊತ್ತಾದದ್ದು. ಬೆಳ್ತಿಗೆಯಲ್ಲಿ ಅವರ ಗಂಜಿ ಆಗುವುದಿಲ್ಲ, ಬೇಗ ಬೆಂದು ಮುದ್ದೆಯಾಗುತ್ತದೆ. ಒಡೆದ ಚೀಲವನ್ನು ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ನಾನೇ ಒಪ್ಪಿದ್ದೆನಲ್ಲ, ಜಗಳಕ್ಕೂ ಬಾಯಿಲ್ಲ. ತಿಂಗಳಿಡೀ ನೀರುದೋಸೆ.

ಈಗ ಒಂದೊಂದು ಸಾಮಾನಿಗೂ ಬೇರೆ ಬೇರೆ ಹೇಳುತ್ತೇನೆ. ಉಪ್ಪು, ಸಕ್ಕರೆ ಯಾವ ಕಂಪನಿಯದಾದರೂ ಸರಿ. ಅಕ್ಕಿಯ ಪಕ್ಕದಲ್ಲಿ ಮಾತ್ರ ಹೀಗೆ ಬರೆಯುತ್ತೇನೆ: 'ಕೆಂಪು ಕುಚ್ಚಲಕ್ಕಿ ಇಲ್ಲದಿದ್ದರೆ ಬಿಳಿ ಕುಚ್ಚಲಕ್ಕಿ. ಅದೂ ಇಲ್ಲದಿದ್ದರೆ ಬೇಡ, ದುಡ್ಡು ವಾಪಸ್.' ಆ್ಯಪ್‌ನಲ್ಲಾದರೆ ದುಡ್ಡು ಕಟ್ಟುವ ಮೊದಲು ಕಾರ್ಟ್‌ನಲ್ಲಿ ಬದಲಿಯ ಬಗ್ಗೆ ಆಯ್ಕೆ ಇದೆಯಾ ನೋಡಿ. ಸುಮ್ನೆ ಮುಂದೆ ಹೋದರೆ ಅಂಗಡಿಯವರಿಗೆ ತೋಚಿದ್ದು ಬರಬಹುದು.

ಫೋನ್ ಬಂದರೆ 'ಓಕೆ' ಅನ್ನುವ ಮೊದಲು ಎಷ್ಟು ತೂಕ, ಒಟ್ಟು ಎಷ್ಟು ರೂಪಾಯಿ ಅಂತ ಕೇಳಿ. ಉದಾಹರಣೆಗೆ, 5 ಕೆಜಿ ಚೀಲಕ್ಕೆ 300 ಇತ್ತು ಅನ್ನಿ. ಅದಿಲ್ಲ, ಅದೇ ಅಕ್ಕಿಯ 1 ಕೆಜಿ ಪ್ಯಾಕೆಟ್ ಐದು ಕೊಡ್ತೇವೆ, ಒಂದಕ್ಕೆ 66 ಅಂತಾರೆ. ಒಟ್ಟು 330 ಆಯಿತು. ಕೆಜಿಗೆ 6 ರೂಪಾಯಿ ಜಾಸ್ತಿ. ಗಂಜಿಗೆ ಅಕ್ಕಿ ಇಲ್ಲದ ದಿನವಾದರೆ ನಾನು ಒಪ್ಪುತ್ತೇನೆ, ಇಲ್ಲದಿದ್ದರೆ ಎರಡೇ ಪ್ಯಾಕೆಟ್ ಸಾಕು ಅನ್ನುತ್ತೇನೆ. ಒಪ್ಪಿದ್ದನ್ನು ವಾಟ್ಸಾಪ್‌ನಲ್ಲಿ ಒಂದು ಸಾಲು ಬರೆದು ಹಾಕುತ್ತೇನೆ.

ಕೇಳದೆಯೇ ಬೇರೆ ಕಳಿಸಿದರೆ ಬಾಗಿಲಲ್ಲೇ ನೋಡಿ, ಚೀಲ ಒಡೆಯದೆ ಹುಡುಗನ ಕೈಗೇ ವಾಪಸ್ ಕೊಡಿ. ಅವನ ಮೇಲೆ ರೇಗಬೇಡಿ, ಪಾಪ, ಕಟ್ಟಿದ್ದು ಅವನಲ್ಲ. ಅವನು ಹೋಗಿಬಿಟ್ಟಿದ್ದರೆ ಚೀಲ ಮತ್ತು ಬಿಲ್ಲಿನ ಫೋಟೋ ಆಗಲೇ ಕಳಿಸಿ. ಆನ್‌ಲೈನ್ ಮಾರಾಟಕ್ಕೆ 2020ರ ಗ್ರಾಹಕ ನಿಯಮಗಳಿವೆ. ಮೊದಲೇ ಟಿಕ್ ಹಾಕಿಟ್ಟ ಚೌಕವನ್ನು ನಿಮ್ಮ ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯುವಂತಿಲ್ಲ, ಒಪ್ಪಿದಂತಿಲ್ಲದ ಸಾಮಾನನ್ನು ವಾಪಸ್ ತಗೊಳ್ಳಲ್ಲ ಅನ್ನುವಂತಿಲ್ಲ. ಅಷ್ಟಕ್ಕೂ ಕೇಳದಿದ್ದರೆ ಗ್ರಾಹಕ ಸಹಾಯವಾಣಿ 1915. ನನಗೆ ಅಲ್ಲಿವರೆಗೆ ಹೋಗಬೇಕಾಗಿ ಬಂದಿಲ್ಲ, ಫೋಟೋ ನೋಡಿದ ಮೇಲೆ ಅಂಗಡಿಯವರೇ ಚೀಲ ಬದಲಿಸಿದ್ದಾರೆ.