ಷೇರು ಇಷ್ಟು ಏರಿಳಿಯುವಾಗ ಹೆಚ್ಚು ಲಾಭ ಕೊಡುವುದು ಸಹಜವಲ್ಲವೇ?

"ಸರ್, ನಾನು ತುಮಕೂರಿನಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದೇನೆ. ಷೇರಿನಲ್ಲಿ ಅಪಾಯ ಜಾಸ್ತಿ, ಅದಕ್ಕೇ ಲಾಭ ಜಾಸ್ತಿ. ಷೇರು ಸುರಕ್ಷಿತ ಸಾಲಪತ್ರಕ್ಕಿಂತ ಅಷ್ಟು ಹೆಚ್ಚು ಲಾಭ ಕೊಡುವುದನ್ನು ಅರ್ಥಶಾಸ್ತ್ರಜ್ಞರು ಒಗಟು ಎನ್ನುತ್ತಾರಲ್ಲ, ಇದರಲ್ಲಿ ಒಗಟು ಏನಿದೆ?"

ಎಂ.ಎ. ಓದುವಾಗ ನನ್ನ ತಲೆಯಲ್ಲೂ ಇದೇ ಕೊರೆಯುತ್ತಿತ್ತು. ಆದರೆ ನೀವು ಅಪಾಯವನ್ನು ಅಳೆಯುತ್ತಿರುವ ಜಾಗವೇ ಸರಿಯಿಲ್ಲ. ಷೇರಿನ ಲಾಭವನ್ನು ಜನರ ಅನುಭೋಗದಿಂದ, ಅಂದರೆ ಅವರ ಖರ್ಚಿನಿಂದ ವಿವರಿಸುವ ಮಾದರಿಗೆ ಷೇರಿನ ಬೆಲೆ ಎಷ್ಟು ಕುಣಿಯುತ್ತದೆ ಎಂಬುದು ಮುಖ್ಯವಲ್ಲ. ಜನರ ಕೈ ಬಿಗಿಯಾದ ವರ್ಷವೇ ಷೇರೂ ಬೀಳುತ್ತದೆಯೇ, ಬಿದ್ದರೆ ಎಷ್ಟು ಎಂಬುದು ಮುಖ್ಯ. ಮನೆಖರ್ಚಿಗೆ ತೊಂದರೆಯಿಲ್ಲದ ವರ್ಷ ಷೇರು ಅರ್ಧಕ್ಕಿಳಿದರೂ ಮಾದರಿಯ ಮನುಷ್ಯ ಅದಕ್ಕಾಗಿ ಹೆಚ್ಚುವರಿ ಲಾಭ ಕೇಳುವುದಿಲ್ಲ.

ಅರ್ಥಶಾಸ್ತ್ರಜ್ಞರಾದ ಮೆಹ್ರಾ ಮತ್ತು ಪ್ರೆಸ್ಕಾಟ್ 1985ರಲ್ಲಿ ಅಮೆರಿಕದ 1889–1978ರ ಅಂಕಿಅಂಶ ಇಟ್ಟುಕೊಂಡು ಇದನ್ನೇ ಲೆಕ್ಕ ಹಾಕಿದರು. ಬೆಲೆಯೇರಿಕೆ ಕಳೆದ ಮೇಲೆ ಷೇರಿಗೆ ವರ್ಷಕ್ಕೆ 6.98%, ಸುರಕ್ಷಿತ ಸಾಲಪತ್ರಕ್ಕೆ 0.80%, ಅಂತರ 6.18%. ತಲಾ ಅನುಭೋಗ ಮಾತ್ರ ನಿಧಾನವಾಗಿ ಸಾಗಿತ್ತು: ಸರಾಸರಿ ಬೆಳವಣಿಗೆ μ 1.83%, ಮಾನಕ ವಿಚಲನೆ σ 3.57%. ಡಿವಿಡೆಂಡ್ ಎಂದರೆ ದೇಶದ ಅನುಭೋಗವೇ ಎಂದಿಟ್ಟುಕೊಂಡರೆ, ಸೂತ್ರ ಹೆಚ್ಚುಕಡಿಮೆ ಇಷ್ಟೇ:

```
ಅಂತರ = γ × σ²
0.0618 = γ × (0.0357)²
```

ವರ್ಗ ಮಾಡಿದಾಗ 3.57% ಎಂಬುದು 0.00127ಕ್ಕೆ ಕುಗ್ಗುತ್ತದೆ. ತೊಡಕು ಹುಟ್ಟುವುದು ಇಲ್ಲೇ. ಅಷ್ಟು ಚಿಕ್ಕ ಸಂಖ್ಯೆಯಿಂದ 6.18% ಬರಬೇಕಾದರೆ ಅಪಾಯ ಹಿಂಜರಿಕೆಯ ಅಳತೆ γ ಸುಮಾರು 48 ಆಗಬೇಕು.

48 ಎಂದರೆ ಎಂಥ ಮನುಷ್ಯ? ಕೋಲಾರದ ಒಬ್ಬ ಟೊಮೆಟೊ ಬೆಳೆಗಾರನ ಇಡೀ ವರ್ಷದ ಮನೆಖರ್ಚು ಈ ಒಂದು ಫಸಲಿನ ಮೇಲಿದೆ ಎನ್ನಿ. ದರ ಸಿಕ್ಕರೆ 1,00,000 ರೂಪಾಯಿ, ಬಿದ್ದರೆ 50,000; ಎರಡಕ್ಕೂ ಸಮ ಸಾಧ್ಯತೆ. ಮಂಡಿಯವರು ಮೊದಲೇ ನಿಗದಿತ ಹಣ ಕೊಡುತ್ತೇವೆ ಎಂದರೆ ಆತ ಎಷ್ಟಕ್ಕೆ ಒಪ್ಪಬೇಕು? γ 2 ಆದರೆ ಸುಮಾರು 66,700ಕ್ಕೆ. γ 48 ಆದರೆ 50,750ಕ್ಕೇ ಒಪ್ಪಿಬಿಡುತ್ತಾನೆ. ಅರ್ಧ ಸಾಧ್ಯತೆಯಿರುವ ಒಂದು ಲಕ್ಷವನ್ನು, ಕೆಟ್ಟ ದರಕ್ಕಿಂತ ಬರೀ 750 ರೂಪಾಯಿ ಹೆಚ್ಚು ಸಿಕ್ಕಿತೆಂದು ಬಿಟ್ಟುಕೊಡುವವನನ್ನು ನಾನಂತೂ ಯಾವ ಮಂಡಿಯಲ್ಲೂ ಕಂಡಿಲ್ಲ.

"ಜನ ಅಷ್ಟು ಹೆದರುತ್ತಾರೆ ಎಂದೇ ಒಪ್ಪಿದರಾಯಿತು" ಎಂದು ಪ್ರಬಂಧದಲ್ಲಿ ದಯವಿಟ್ಟು ಬರೆಯಬೇಡಿ. ಅದೇ γ ಸುರಕ್ಷಿತ ಬಡ್ಡಿದರ r ಅನ್ನೂ ನಿರ್ಧರಿಸುತ್ತದೆ:

```
r = -ln β + γμ - γ²σ²/2
```

ನಾಳೆಯ ಸುಖಕ್ಕೆ ಇಂದು ಕೊಡುವ ತೂಕ β 0.99, γ 10 ಹಾಕಿ ನೋಡಿ: ಸುರಕ್ಷಿತ ಬಡ್ಡಿ 13%ರ ಹತ್ತಿರ ಬರುತ್ತದೆ, ನಿಜವಾಗಿ ಇದ್ದದ್ದು 0.80%. ನಾಳೆ ಹೇಗೂ ಆದಾಯ ಬೆಳೆಯುತ್ತದೆ ಎಂದು ಗೊತ್ತಿರುವವನು ಇಂದೇ ಸಾಲ ಮಾಡಿ ಖರ್ಚು ಮಾಡಲು ನೋಡುತ್ತಾನೆ. ಅವನನ್ನು ತಡೆಯಲು ಬಡ್ಡಿ ಏರಲೇಬೇಕು. ಅಷ್ಟಾದರೂ ಷೇರಿನ ಅಂತರ ಬರೀ 1.3%. γ 48 ಹಾಕಿದರೆ ಕೊನೆಯ ಪದ ಉಳಿದೆಲ್ಲವನ್ನೂ ನುಂಗಿ, ಬಡ್ಡಿ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ.

ಎಪ್‌ಸ್ಟೈನ್–ಜಿನ್ ಆದ್ಯತೆಗಳನ್ನು ಬಳಸಿದರೆ ಅಪಾಯದ ಭಯವನ್ನೂ, ಇಂದು–ನಾಳೆಗಳ ನಡುವೆ ಖರ್ಚು ಹಂಚುವ ಇಷ್ಟವನ್ನೂ ಬೇರೆಬೇರೆ ಸಂಖ್ಯೆಗಳಾಗಿ ಇಡಬಹುದು. ಬಡ್ಡಿಯ ತೊಡಕು ಸಡಿಲವಾಗುತ್ತದೆ. ಆದರೆ ಅನುಭೋಗದ ಬೆಳವಣಿಗೆಯನ್ನು ಇದೇ ಸರಳ ರೂಪದಲ್ಲಿ ಬಿಟ್ಟರೆ, 6.18% ತರಲು ಅಲ್ಲೂ ದೊಡ್ಡ γ ಬೇಕೇ ಬೇಕು.