ಆಪ್ತಸಲಹೆ ಪ್ರಕರಣ: ಹನ್ನೊಂದು ಪುಟದ ಟಿಪ್ಪಣಿ, ಆರು ಸಾಲಿನ ಯೋಜನೆ

ಪ್ರಕರಣ ಕಲಬುರಗಿಯದು, ಗುರುತು ಬದಲಿಸಿದೆ. ನಾಲ್ವರು ಹೆಣ್ಣುಮಕ್ಕಳೊಂದಿಗೆ ಖಡಕ್ ರೊಟ್ಟಿ ಮಾಡಿ ಮಾರುವ ಮಹಿಳೆ ಮಾರ್ಕೆಟಿಂಗ್ ಉಪನ್ಯಾಸ ಕೇಳಿ ಹನ್ನೊಂದು ಪುಟ ಬರೆದುಕೊಂಡು ಬಂದಿದ್ದರು. "ಎಲ್ಲಾ ತಿಳೀತ್ರಿ, ಆದ್ರ ನಾಳಿ ಮುಂಜಾನಿ ಏನ್ ಮಾಡ್ಬೇಕಂತ ತಿಳೀವಲ್ದು" ಎಂದರು. ಎಳ್ಳ ಅಮಾವಾಸ್ಯೆಗೆ ಮೂರು ವಾರದಲ್ಲಿ ಸಾವಿರ ಪ್ಯಾಕೆಟ್ ಹೆಚ್ಚು ಮಾರುವುದು ಅವರ ಗುರಿ.

ಉಪನ್ಯಾಸ ಗ್ರಾಹಕರಿಂದ ಶುರುವಾಗುತ್ತದೆ, ಅದು ಪಾಠಕ್ಕೆ ಸರಿ. ಸಣ್ಣ ಉದ್ಯೋಗದ ಯೋಜನೆ ಒಲೆಯಿಂದ ಶುರುವಾಗಬೇಕು. ಅವರ ಒಲೆಯಿಂದ ದಿನಕ್ಕೆ 600 ರೊಟ್ಟಿ, ಅಂದರೆ ಹತ್ತರ 60 ಪ್ಯಾಕೆಟ್ ಬರುತ್ತವೆ. 45 ಆಗಲೇ ಮಾರಾಟವಾಗುತ್ತವೆ. ಉಳಿದ 15ನ್ನು 18 ಕೆಲಸದ ದಿನಕ್ಕೆ ಗುಣಿಸಿದರೆ 270. ಸಾವಿರಕ್ಕೆ ಆರ್ಡರ್ ತಗೊಂಡಿದ್ದರೆ ಹಬ್ಬದ ಮುನ್ನಾದಿನ ಹಳೆಯ ಗಿರಾಕಿಗಳಿಗೂ ರೊಟ್ಟಿ ಇರುತ್ತಿರಲಿಲ್ಲ.

ಆಮೇಲೆ ಟಿಪ್ಪಣಿಯ ಪ್ರತಿ ತಲೆಬರಹವನ್ನು ಒಂದು ಖಾಲಿ ಜಾಗವಾಗಿಸಿದೆವು. ಅದರಲ್ಲಿ ಸಂಖ್ಯೆ, ದಿನ ಅಥವಾ ಜಾಗ ಇರಲೇಬೇಕೆಂಬುದೇ ನಿಯಮ. ತುಂಬಿದ ಮೇಲೆ ಹೀಗಾಯಿತು:

ಗುರಿ: ಅಮಾವಾಸ್ಯೆಯೊಳಗೆ 240 ಹೆಚ್ಚುವರಿ ಪ್ಯಾಕೆಟ್.
ಯಾರಿಗೆ: ಗಂಡ-ಹೆಂಡತಿ ಇಬ್ಬರೂ ನೌಕರಿಗೆ ಹೋಗುವ, ಎರಡು ಬಡಾವಣೆಗಳ ಮನೆಗಳಿಗೆ.
ಮಾತು: "ಹಬ್ಬದ ಸಜ್ಜೆ ರೊಟ್ಟಿ ಎಳ್ಳು ಹಚ್ಚಿ, ಮನೆಗೆ ತಂದು ಕೊಡ್ತೀವಿ. ಎರಡು ದಿನ ಮೊದಲು ಹೇಳ್ರಿ."
ದಾರಿ: ಹಳೆಯ 180 ಗಿರಾಕಿಗಳಿಗೆ ವಾಟ್ಸಾಪ್, ಪತ್ರಿಕೆಯೊಳಗೆ ಕರಪತ್ರ, ರುಚಿ ನೋಡಲು ರೊಟ್ಟಿ.
ಖರ್ಚು: ಕರಪತ್ರ ₹1,500, ರುಚಿಯ ರೊಟ್ಟಿ ₹900, ಪೆಟ್ರೋಲ್ ₹900, ಒಟ್ಟು ₹3,300.
ಅಳತೆ: ಪ್ರತಿ ಆರ್ಡರಿಗೆ "ಹೆಂಗ ಗೊತ್ತಾತ್ರಿ?" ಎಂದು ಕೇಳಿ ವಹಿಯಲ್ಲಿ ಗೀಟು.

ಅವರು ಮೊದಲು "ಯಾರಿಗೆ" ಎಂಬಲ್ಲಿ "ಕಲಬುರಗಿ ಜನಕ್ಕ" ಎಂದು ಬರೆದಿದ್ದರು. ಇದು ಎಲ್ಲರೂ ಮಾಡುವ ತಪ್ಪು. ಊರೆಲ್ಲ ಗಿರಾಕಿಯಾದರೆ ಕರಪತ್ರ ಎಲ್ಲಿ ಹಾಕಬೇಕೆಂಬುದೇ ತೀರ್ಮಾನವಾಗದು. ಹೊಲಕ್ಕೆ ಹೋಗಿ ಚರಗ ಚೆಲ್ಲುವ ಮನೆಗಳಲ್ಲಿ ರೊಟ್ಟಿ ತಾವೇ ಬಡಿಯುತ್ತಾರೆ, ಅವರು ಕೊಳ್ಳುವವರಲ್ಲ.

ಖರ್ಚಿನ ಸಾಲಿನಲ್ಲೇ ಹೆಚ್ಚು ಹೊತ್ತು ಹೋಯಿತು. ಪ್ಯಾಕೆಟ್ ₹80ಕ್ಕೆ ಹೋಗುತ್ತದೆ. ಹಿಟ್ಟು, ಉರುವಲು, ಕೂಲಿ, ಕವರು ಕಳೆದರೆ ಉಳಿಯುವುದು ₹22. ಹಾಗಾಗಿ ₹3,300 ಮರಳಿ ಬರಲು 150 ಪ್ಯಾಕೆಟ್ ಬೇಕು. 240 ಮಾರಿದರೆ ಕೈಗೆ ಉಳಿಯುವುದು ₹1,980. ಮಾರಾಟದ ಮೊತ್ತ ₹19,200 ಎಂದು ಹಿಗ್ಗಿ ಜಾಹೀರಾತಿಗೆ ಆರು ಸಾವಿರ ಸುರಿದಿದ್ದರೆ 240 ಮಾರಿಯೂ ನಷ್ಟವೇ.

ಸಲಹೆ ಇಷ್ಟು: ಸಾವಿರ ಕರಪತ್ರವನ್ನೂ ಮೊದಲ ದಿನವೇ ಹಂಚಬೇಡಿ. ಒಂದು ಬಡಾವಣೆಗೆ 300 ಹಾಕಿ, ನಾಲ್ಕು ದಿನ ವಹಿ ನೋಡಿ. ಕರಪತ್ರದ ಸಾಲಿನಲ್ಲಿ ಗೀಟು ಐದೂ ದಾಟದಿದ್ದರೆ ಉಳಿದವನ್ನು ರುಚಿಯ ರೊಟ್ಟಿಯ ಜೊತೆ ಕೈಯಾರೆ ಕೊಡಿ. ಆರ್ಡರ್ 270 ಮುಟ್ಟಿದ ದಿನ ವಾಟ್ಸಾಪ್ ಸ್ಟೇಟಸ್ ತೆಗೆದುಬಿಡಿ.