ಬ್ಯಾಟರಿ ಫುಲ್ ಇದ್ದರೂ ಗೇಮ್ ಯಾಕೆ ಕುಂಟುತ್ತೆ?

ಪ್ರಶ್ನೆ: ನನ್ನ ಗೇಮಿಂಗ್ ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ್ರೆ 100 ಎಫ್‌ಪಿಎಸ್ ಕೊಡುತ್ತೆ. ಪಿಜಿಲಿ ಕರೆಂಟ್ ಹೋದ ತಕ್ಷಣ 30ಕ್ಕೆ ಬಂದು ನಿಲ್ಲುತ್ತೆ, ಬ್ಯಾಟರಿ ಫುಲ್ ಇದ್ರೂ. ಆಫೀಸಿನ 65 ವ್ಯಾಟ್ ಟೈಪ್-ಸಿ ಚಾರ್ಜರ್ ಹಾಕಿದ್ರೂ ಸ್ಲೋನೇ. ಲ್ಯಾಪ್‌ಟಾಪ್ ಹಾಳಾಗಿದೆಯಾ?

ಹಾಳಾಗಿಲ್ಲ. ಬ್ಯಾಟರಿಯಲ್ಲಿ ಎಷ್ಟು ತುಂಬಿದೆ ಅನ್ನೋದು ಒಂದು, ಒಂದು ಸಲಕ್ಕೆ ಅದರಿಂದ ಎಷ್ಟು ಎಳೆಯಬಹುದು ಅನ್ನೋದು ಇನ್ನೊಂದು. ಸಿಂಟೆಕ್ಸ್ ತುಂಬಿದ್ದರೂ ಅರ್ಧ ಇಂಚಿನ ಪೈಪಲ್ಲಿ ಬರೋದು ಅಷ್ಟೇ ನೀರು.

ಆರ್‌ಟಿಎಕ್ಸ್ 4060 ಇರುವ, 230 ವ್ಯಾಟ್ ಅಡಾಪ್ಟರ್ ಜೊತೆ ಬರುವ ಒಂದು ಲ್ಯಾಪ್‌ಟಾಪ್ ತಗೊಳ್ಳಿ. ಗೇಮ್ ಜೋರಾಗಿ ಓಡುವಾಗ ಗ್ರಾಫಿಕ್ಸ್ ಚಿಪ್ 115 ವ್ಯಾಟ್‌ವರೆಗೂ ಕೇಳುತ್ತೆ, ಪ್ರೊಸೆಸರ್ ಸುಮಾರು 50. ಸ್ಕ್ರೀನ್, ಫ್ಯಾನ್, ಉಳಿದದ್ದೆಲ್ಲ ಸೇರಿಸಿದರೆ 180 ದಾಟುತ್ತೆ. ಒಳಗಿರುವ ಬ್ಯಾಟರಿ 60 ವ್ಯಾಟ್-ಅವರ್ ಅಂದುಕೊಂಡರೆ, ಆ ವೇಗದಲ್ಲಿ ಎಳೆದರೆ 20 ನಿಮಿಷಕ್ಕೆ ಖಾಲಿ. ಖಾಲಿಯಾಗೋದು ಹೋಗಲಿ, ಒಂದು ಗಂಟೆಯ ಸರಕನ್ನು ಮೂರು ಪಟ್ಟು ವೇಗದಲ್ಲಿ ಕಕ್ಕಿಸಿದರೆ ಸೆಲ್ ಬಿಸಿಯಾಗುತ್ತೆ, ವೋಲ್ಟೇಜ್ ಕುಸಿಯುತ್ತೆ, ಮಷೀನು ಅಲ್ಲೇ ಆಫ್ ಆಗಲೂಬಹುದು. ಅದಕ್ಕೇ ಕಂಪನಿಯವರು ಫರ್ಮ್‌ವೇರಿನಲ್ಲೇ ಕಡಿವಾಣ ಹಾಕಿರುತ್ತಾರೆ. ಪ್ಲಗ್ ಕಿತ್ತ ಕ್ಷಣ ಗ್ರಾಫಿಕ್ಸ್ ಚಿಪ್ಪಿನ ಪಾಲು 30–50 ವ್ಯಾಟಿಗೆ ಇಳಿಯೋದು ಮಾಮೂಲು.

ಆದರೆ ನಿಮ್ಮದು ಸರಿಯಾಗಿ 30ಕ್ಕೇ ನಿಲ್ಲುತ್ತೆ ಅಂದಿರಲ್ಲ, ಅದು ಬೇರೆ ಸುಳಿವು. ಪವರ್ ಸಾಲದೆ ಬಿದ್ದಿದ್ದರೆ ಎಫ್‌ಪಿಎಸ್ 38, 45, 41 ಅಂತ ಓಲಾಡಬೇಕು. ಗೆರೆ ಎಳೆದ ಹಾಗೆ 30 ಅಂದರೆ ಯಾರೋ ಮಿತಿ ಹಾಕಿದ್ದಾರೆ ಅಂತ ಅರ್ಥ. ಎನ್‌ವಿಡಿಯಾದ Battery Boost ಮಾಡೋ ಕೆಲಸ ಇದೇ. NVIDIA ಆ್ಯಪಿನಲ್ಲಿ ಅದನ್ನು ಆಫ್ ಮಾಡಿ ನೋಡಿ. 100 ಬರಲ್ಲ, ಆದರೆ 30ರ ಗೋಡೆ ಹೋಗುತ್ತೆ. ನಿಜವಾದ ಮಿತಿ ಎಲ್ಲಿದೆ ಅಂತ ನೋಡೋಕೆ ಗೇಮ್ ಓಡ್ತಿರುವಾಗಲೇ ಕಮಾಂಡ್ ಪ್ರಾಂಪ್ಟಿನಲ್ಲಿ ಇದನ್ನು ಹಾಕಿ:

```
nvidia-smi --query-gpu=power.draw,clocks.gr --format=csv -l 1
```

ಸೆಕೆಂಡಿಗೊಂದು ಸಾಲು ಬರುತ್ತೆ. ಪ್ಲಗ್ ತೆಗೆದ ಕೂಡಲೇ ವ್ಯಾಟ್ ಧೊಪ್ಪಂತ ಬೀಳೋದು ಕಣ್ಣಿಗೇ ಕಾಣುತ್ತೆ. (ನೋಡಿ ಆದ ಮೇಲೆ Ctrl+C ಒತ್ತಿ ನಿಲ್ಲಿಸಿ, ಇಲ್ಲದಿದ್ದರೆ ಗ್ರಾಫಿಕ್ಸ್ ಚಿಪ್ ನಿದ್ದೆಗೇ ಹೋಗಲ್ಲ.)

ಇನ್ನು ಚಾರ್ಜರ್. 180 ಬೇಕಿರೋ ಮಷೀನಿಗೆ 65 ವ್ಯಾಟ್ ಕೊಟ್ಟರೆ ಅದು ಮೇಲ್ ಓದೋಕೆ, ಮಲಗಿಸಿ ಚಾರ್ಜ್ ಮಾಡೋಕೆ ಸಾಕು. 100 ವ್ಯಾಟ್ ಟೈಪ್-ಸಿ ಸ್ವಲ್ಪ ವಾಸಿ, ಆದರೂ ಅದು ಚುಚ್ಚಿರುವಾಗ ಅತಿ ಜೋರಿನ ಪವರ್ ಮೋಡನ್ನು ಬಹಳಷ್ಟು ಲ್ಯಾಪ್‌ಟಾಪುಗಳು ತೆರೆಯೋದೇ ಇಲ್ಲ.

ಜನ ಎಡವೋದು ಇನ್ನೊಂದು ಕಡೆ. ಹಳೇ ಅಡಾಪ್ಟರ್ ಕೆಟ್ಟಿತು ಅಂತ ಎಸ್‌ಪಿ ರೋಡಿಗೆ ಹೋಗಿ, ಪಿನ್ ಕೂರುತ್ತೆ ಅಂತ 150 ವ್ಯಾಟಿನದ್ದು ತರುತ್ತಾರೆ. ಮೊದಲ ಅರ್ಧ ಗಂಟೆ ಗೇಮ್ ಚೆನ್ನಾಗೇ ಓಡುತ್ತೆ, ಯಾಕಂದರೆ ಕೊರತೆ ಬಿದ್ದ ವ್ಯಾಟನ್ನು ಬ್ಯಾಟರಿ ತುಂಬಿಕೊಡ್ತಿರುತ್ತೆ. ಪ್ಲಗ್ ಹಾಕಿದ್ದರೂ ಬ್ಯಾಟರಿ 90, 80, 70 ಅಂತ ಇಳೀತಿದ್ದರೆ ಇದೇ ಕಥೆ. ಒಂದು ಮಟ್ಟಕ್ಕಿಂತ ಕೆಳಗೆ ಬಂದಾಗ ಎಫ್‌ಪಿಎಸ್ ದಿಢೀರ್ ಕುಸಿಯುತ್ತೆ, ಆಗ ಎಲ್ಲರೂ ಬೈಯೋದು ಗೇಮಿನ ಅಪ್‌ಡೇಟನ್ನು. ಅಂಗಡಿಯಲ್ಲೇ ಲೇಬಲ್ಲಿನ ಔಟ್‌ಪುಟ್ ಸಾಲು ಓದಿ: 20 ವೋಲ್ಟ್, 11.5 ಆಂಪ್ ಅಂದರೆ ಗುಣಿಸಿ 230 ವ್ಯಾಟ್. ವೋಲ್ಟ್ ನಿಮ್ಮ ಹಳೇದಕ್ಕೆ ಹೊಂದಲೇಬೇಕು. ಆಂಪ್ ಜಾಸ್ತಿ ಇದ್ದರೆ ತೊಂದರೆ ಇಲ್ಲ, ಕಮ್ಮಿ ಇರಬಾರದು. ಕೆಲವು ಕಂಪನಿಗಳ ಲ್ಯಾಪ್‌ಟಾಪು ಅಡಾಪ್ಟರಿನ ಗುರುತನ್ನೂ ಕೇಳುತ್ತೆ. ಸಿಗದಿದ್ದರೆ ವ್ಯಾಟ್ ಸರಿ ಇದ್ದರೂ ತಾನೇ ಸ್ಪೀಡ್ ಇಳಿಸಿಕೊಳ್ಳುತ್ತೆ.

ಪವರ್ ಮೋಡಿನ ವಿಷಯದಲ್ಲಿ ಗೊಂದಲ ಜಾಸ್ತಿ. ವಿಂಡೋಸ್‌ನ Best performance ಪ್ರೊಸೆಸರನ್ನು ಚುರುಕು ಮಾಡುತ್ತೆ, ಅಷ್ಟೇ. ಗ್ರಾಫಿಕ್ಸ್ ಚಿಪ್ಪಿನ ವ್ಯಾಟ್ ಮಿತಿ ಏರಿಸೋ ಶಕ್ತಿ ಅದಕ್ಕಿಲ್ಲ. ಆ ಮಿತಿ ಇರೋದು ಕಂಪನಿಯ ಸ್ವಂತ ಆ್ಯಪಿನ ಮೋಡಿನಲ್ಲಿ, ಅಂದರೆ ಲೆನೋವೊದಲ್ಲಿ Fn+Q, ಏಸಸ್‌ನಲ್ಲಿ Armoury Crate. ಬ್ಯಾಟರಿ ಮೇಲಿದ್ದಾಗ ಅಲ್ಲಿನ ಜೋರಿನ ಮೋಡ್ ಬಹುತೇಕ ಮಂಕಾಗಿರುತ್ತೆ. ಬ್ಯಾಟರಿಯಲ್ಲೇ ಆಡಲೇಬೇಕಿದ್ದರೆ ಸೆಟ್ಟಿಂಗ್ಸ್ ಮೀಡಿಯಂಗೆ ಇಳಿಸಿ, ಎಫ್‌ಪಿಎಸ್ 40ಕ್ಕೆ ಲಾಕ್ ಮಾಡಿ. ಓಲಾಡೋ 50ಕ್ಕಿಂತ ಸ್ಥಿರವಾದ 40 ನನಗಂತೂ ಇಷ್ಟ.

ಪಿಜಿಯಲ್ಲಿ ಇನ್ವರ್ಟರ್ ಇದ್ದರೆ ಯಾವ ಪ್ಲಗ್ ಅದರ ಲೈನಿನಲ್ಲಿದೆ ಅಂತ ಓನರ್ ಹತ್ರ ಕೇಳಿ. ಅಡಾಪ್ಟರಿಗೆ ಕರೆಂಟ್ ಇನ್ವರ್ಟರಿನದ್ದಾದರೂ ಒಂದೇ, ಮೇನಿನದ್ದಾದರೂ ಒಂದೇ. ಲೋಡ್ ತಡೆಯುತ್ತಾ ಅಂತ ಮಾತ್ರ ಮೊದಲು ವಿಚಾರಿಸಿ, ಇಲ್ಲದಿದ್ದರೆ ಇಡೀ ಫ್ಲೋರಿನ ಫ್ಯಾನ್ ನಿಲ್ಲುತ್ತೆ.

ಒರಿಜಿನಲ್ ಅಡಾಪ್ಟರ್ ಹಾಕಿ, ಜೋರಿನ ಮೋಡ್ ಇಟ್ಟು, ಭಾರದ ಗೇಮ್ ಓಡಿಸುವಾಗಲೂ ಮೇಲಿನ ಕಮಾಂಡ್ 30–40 ವ್ಯಾಟನ್ನೇ ತೋರಿಸುತ್ತಿದ್ದರೆ, ಆಗ ಸರ್ವಿಸ್ ಸೆಂಟರಿಗೆ ಹೋಗಿ. ಅಡಾಪ್ಟರನ್ನೂ ಜೊತೆಗೆ ತಗೊಂಡು ಹೋಗಿ.